ಇಲ್ಲದ ಅಲೆ ಎಲ್ಲಿಂದ ಬಂತು? ಎಡಿಸಿಗೆ ಮುಂಚೆಯೇ ಏಲಿಯಾಸಿಂಗ್ ತಡೆಯುವುದು ಹೇಗೆ

ಮತ್ತೆ ಮತ್ತೆ ಬರುವ ಪ್ರಶ್ನೆ ಇದು. "ಸೆನ್ಸರ್ ಸುಮ್ನೆ ಇದೆ, ಒತ್ತಡ ಬದಲಾಗಿಲ್ಲ. ಆದರೆ ಮೋಟರ್ ಆನ್ ಮಾಡಿದ ಕೂಡಲೇ ರೀಡಿಂಗ್ ನಿಧಾನವಾಗಿ ಏರಿ ಇಳಿಯುತ್ತೆ. ಹದಿನಾರು ರೀಡಿಂಗ್ ಸೇರಿಸಿ ಸರಾಸರಿ ತೆಗೆದರೂ ಹೋಗಲ್ಲ. ಸೆನ್ಸರ್ ಕೆಟ್ಟಿದೆಯಾ?"

ಸೆನ್ಸರ್ ಬದಲಿಸುವ ಮುಂಚೆ ಇದನ್ನು ಓದಿ. ಇಂಥ ಕಡೆ ಹೆಚ್ಚಿನ ಸಲ ಸೆನ್ಸರ್ ಸರಿಯಾಗಿಯೇ ಇರುತ್ತದೆ. ನಿಮಗೆ ಕಾಣುತ್ತಿರುವ ನಿಧಾನದ ಅಲೆ ತಂತಿಯಲ್ಲಿ ಇಲ್ಲವೇ ಇಲ್ಲ. ಅದು ಹುಟ್ಟಿದ್ದು ಎಡಿಸಿಯಲ್ಲಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗದಲ್ಲಿ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ.

ಈ ಲೇಖನದಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೆ ಹೋಗೋಣ. ಒಂದು ಪಂಪಿನ ಒತ್ತಡ ಅಳೆಯುವ ಸೆನ್ಸರ್ ಇದೆ. ಅದರ ಆಂಪ್ಲಿಫೈಯರ್ 0ರಿಂದ 3.3 ವೋಲ್ಟ್ ಕೊಡುತ್ತದೆ. ಮೈಕ್ರೋಕಂಟ್ರೋಲರ್‌ನಲ್ಲಿ 12 ಬಿಟ್ ಎಡಿಸಿ ಇದೆ. ಪಂಪಿನ ಮೋಟರನ್ನು ಬೇರೊಂದು ಡ್ರೈವರ್ ಬೋರ್ಡ್ ಪಿಡಬ್ಲ್ಯೂಎಂ ಮೂಲಕ ಓಡಿಸುತ್ತಿದೆ. ಪಿಡಬ್ಲ್ಯೂಎಂ ಅಂದರೆ ವಿದ್ಯುತ್ತನ್ನು ಬಹಳ ಬೇಗ ಆನ್-ಆಫ್ ಮಾಡುತ್ತಾ ವೇಗ ಹೊಂದಿಸುವ ವಿಧಾನ. ಇಲ್ಲಿ ಅದರ ಆವರ್ತನ 20 ಕಿಲೋಹರ್ಟ್ಸ್ ಸುಮಾರು. ಕಿವಿಗೆ ಕೀಚಲು ಸದ್ದು ಕೇಳಿಸಬಾರದು ಅಂತ ಬಹಳ ಡ್ರೈವರ್‌ಗಳಲ್ಲಿ ಇಷ್ಟಕ್ಕೆ ಇಟ್ಟಿರುತ್ತಾರೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಆಸಿಲೋಸ್ಕೋಪ್, ಒಂದು ಸಿಗ್ನಲ್ ಜನರೇಟರ್, ಕೆಲವು ರೆಸಿಸ್ಟರ್, ಕೆಪ್ಯಾಸಿಟರ್. ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಲೆಕ್ಕ ಸುಲಭ.

ಹಂತ 1: ಮೊದಲು ರೋಗ ಇದೇನಾ ಅಂತ ಖಚಿತ ಮಾಡಿಕೊಳ್ಳಿ

ಗೋಡೆ ಗಡಿಯಾರದ ನಿಮಿಷದ ಮುಳ್ಳನ್ನು 55 ನಿಮಿಷಕ್ಕೊಮ್ಮೆ ಮಾತ್ರ ನೋಡುತ್ತೀರಿ ಅಂದುಕೊಳ್ಳಿ. ಪ್ರತಿ ಸಲ ನೋಡಿದಾಗಲೂ ಮುಳ್ಳು ಐದು ನಿಮಿಷ ಹಿಂದಕ್ಕೆ ಸರಿದಿರುತ್ತದೆ. ನಡುವೆ ಏನಾಯಿತು ಅಂತ ನೋಡದವರಿಗೆ ಮುಳ್ಳು ನಿಧಾನವಾಗಿ ಹಿಂದೆ ತಿರುಗುತ್ತಿದೆ ಅಂತಲೇ ಅನಿಸುತ್ತದೆ. ಎಡಿಸಿ ಮಾಡುವುದೂ ಇದನ್ನೇ. ಅದು ಸಿಗ್ನಲನ್ನು ನಿಗದಿತ ಹೊತ್ತಿಗೊಮ್ಮೆ ಮಾತ್ರ ನೋಡುತ್ತದೆ. ಹೀಗೆ ಒಂದು ಸಲ ನೋಡಿ ಬರೆದುಕೊಂಡ ಬೆಲೆ ಒಂದು ಸ್ಯಾಂಪಲ್. ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದು ಸ್ಯಾಂಪ್ಲಿಂಗ್ ದರ. ಲೆಕ್ಕದಲ್ಲಿ ಅದನ್ನು `fs` ಅಂತ ಬರೆಯುತ್ತೇವೆ.

ತಂತಿಯಲ್ಲಿ `f` ಆವರ್ತನದ ಅಲೆ ಇದ್ದರೆ, ಸ್ಯಾಂಪಲ್‌ಗಳಲ್ಲಿ ಅದು ಎಲ್ಲಿ ಕಾಣಿಸುತ್ತದೆ ಅನ್ನುವುದಕ್ಕೆ ಸೂತ್ರ ಇಷ್ಟೇ:

```
f_alias = | f - N * fs |      N = f/fs ಗೆ ಹತ್ತಿರದ ಪೂರ್ಣಾಂಕ
```

ನಮ್ಮ ಪಂಪಿನ ಲೆಕ್ಕ ಹಾಕೋಣ. ಸ್ಯಾಂಪ್ಲಿಂಗ್ ದರ 1000 ಹರ್ಟ್ಸ್. ಡ್ರೈವರ್ ಬೋರ್ಡಿನ ಮೇಲೆ 20 ಕಿಲೋಹರ್ಟ್ಸ್ ಅಂತ ಬರೆದಿದ್ದರೂ ಅಳೆದು ನೋಡಿದರೆ 20003 ಹರ್ಟ್ಸ್. ಎರಡು ಬೋರ್ಡ್‌ಗಳಿಗೆ ಬೇರೆ ಬೇರೆ ಕ್ಲಾಕ್ ಇರುವಾಗ ಇಷ್ಟು ವ್ಯತ್ಯಾಸ ಸಹಜ. 20003ರಿಂದ 20 × 1000 ಕಳೆದರೆ ಉಳಿದದ್ದು 3. ಸೆಕೆಂಡಿಗೆ 20003 ಸಲ ಕುಣಿಯುವ ಕಸ ನಿಮ್ಮ ಡೇಟಾದಲ್ಲಿ ಸೆಕೆಂಡಿಗೆ 3 ಸಲ ಏರಿಳಿಯುವ ಸಾಧು ಅಲೆಯಾಗಿ ಬಂದು ಕೂತಿದೆ. ಎತ್ತರ ಮಾತ್ರ ಹಾಗೇ ಇದೆ, ಒಂಚೂರೂ ಕಡಿಮೆಯಾಗಿಲ್ಲ.

ಇದೇ ಅಲೆ ಅಂತ ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ಸ್ಯಾಂಪ್ಲಿಂಗ್ ದರವನ್ನು 1000ದಿಂದ 1001 ಹರ್ಟ್ಸ್‌ಗೆ ಬದಲಿಸಿ. ನಿಜವಾದ ಒತ್ತಡದ ಏರಿಳಿತವಾಗಿದ್ದರೆ ಅದು 3 ಹರ್ಟ್ಸ್‌ನಲ್ಲೇ ಇರುತ್ತದೆ. ಪಂಪಿಗೆ ನಿಮ್ಮ ಟೈಮರ್ ಗೊತ್ತಿಲ್ಲ, ಅಲ್ವಾ? ಆದರೆ ಏಲಿಯಾಸ್ ಆಗಿದ್ದರೆ 20 × 1001 = 20020 ಆಗುತ್ತದೆ. 20003ಕ್ಕೂ ಅದಕ್ಕೂ ವ್ಯತ್ಯಾಸ 17. ಅಲೆ 3 ಹರ್ಟ್ಸ್‌ನಿಂದ 17 ಹರ್ಟ್ಸ್‌ಗೆ ಜಿಗಿಯುತ್ತದೆ. ದರ ಒಂದು ಹರ್ಟ್ಸ್ ಬದಲಾದರೆ ಏಲಿಯಾಸ್ `N` ಹರ್ಟ್ಸ್ ಸರಿಯುತ್ತದೆ. ಇಲ್ಲಿ ಅದು 3ರಿಂದ ಸೊನ್ನೆಗೆ ಇಳಿದು ಆಚೆ ಬದಿಯಲ್ಲಿ 17ಕ್ಕೆ ಹೋಗಿದೆ, ಒಟ್ಟು 20. ಹಾಗಾಗಿ ಎಷ್ಟು ಸರಿಯಿತು ಅಂತ ನೋಡಿದರೆ ಕಸ ಸುಮಾರು ಎಷ್ಟು ಆವರ್ತನದಲ್ಲಿದೆ ಅಂತಲೂ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ. ಬೆಸುಗೆ ಕಡ್ಡಿ ಮುಟ್ಟುವ ಮುಂಚೆ ಇದನ್ನು ಮಾಡಿ.

ಸರಾಸರಿ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. 1000 ಹರ್ಟ್ಸ್‌ನಲ್ಲಿ ಹದಿನಾರು ಸ್ಯಾಂಪಲ್ ಅಂದರೆ 16 ಮಿಲಿಸೆಕೆಂಡ್. 3 ಹರ್ಟ್ಸ್ ಅಲೆಯ ಒಂದು ಸುತ್ತಿಗೆ 333 ಮಿಲಿಸೆಕೆಂಡ್ ಬೇಕು. ಅಷ್ಟು ಉದ್ದದ ಅಲೆಯ ಒಂದು ಚೂರಿನ ಸರಾಸರಿ ತೆಗೆದರೆ ಅಲೆ ಅಳಿಸಿಹೋಗುವುದಿಲ್ಲ. ನಿಜವಾದ 3 ಹರ್ಟ್ಸ್ ಯಾವುದು, ಏಲಿಯಾಸ್ ಆದ 3 ಹರ್ಟ್ಸ್ ಯಾವುದು ಅಂತ ಸಾಫ್ಟ್‌ವೇರ್ ಹೇಳಲಾರದು. ಅಂಕಿಗಳು ಎರಡಕ್ಕೂ ಒಂದೇ.

ಎಚ್ಚರಿಕೆ: ಡಿಜಿಟಲ್ ಆಸಿಲೋಸ್ಕೋಪ್ ಕೂಡ ಸ್ಯಾಂಪ್ಲಿಂಗ್ ಯಂತ್ರವೇ. ಪರದೆಯ ಸಮಯದ ಅಳತೆಯನ್ನು ತುಂಬ ನಿಧಾನಕ್ಕೆ ಇಟ್ಟರೆ ಅದರ ಸ್ಯಾಂಪ್ಲಿಂಗ್ ದರವೂ ಇಳಿಯುತ್ತದೆ. ಆಗ ಅಲ್ಲೂ ಇಲ್ಲದ ಅಲೆ ಕಾಣಬಹುದು. "ಸ್ಕೋಪ್‌ನಲ್ಲೂ ನಿಧಾನದ ಅಲೆ ಇದೆ, ಹಾಗಾಗಿ ನಿಜ" ಅಂತ ತೀರ್ಮಾನಿಸಬೇಡಿ. ಮೊದಲು ಪರದೆಯ ಒಂದು ಚೌಕಕ್ಕೆ 10 ಅಥವಾ 20 ಮೈಕ್ರೋಸೆಕೆಂಡ್ ಇಟ್ಟು ವೇಗದ ಕಸ ಇದೆಯಾ ನೋಡಿ. ನಿಮ್ಮ ಸ್ಕೋಪ್‌ನಲ್ಲಿ ಪೀಕ್ ಡಿಟೆಕ್ಟ್ ಎನ್ನುವ ಆಯ್ಕೆ ಇದ್ದರೆ ಅದನ್ನೂ ಹಾಕಿ.

ಹಂತ 2: ಮೂರು ಅಂಕಿ ಬರೆದುಕೊಳ್ಳಿ

ಮೊದಲನೆಯದು, ನಿಮಗೆ ನಿಜವಾಗಿ ಬೇಕಾದ ಸಿಗ್ನಲ್ ಎಷ್ಟು ವೇಗದ್ದು. ಇಲ್ಲಿ ಬಹಳ ಜನ ದುರಾಸೆ ಮಾಡುತ್ತಾರೆ. ಪಂಪಿನ ಒತ್ತಡ ನಿಯಂತ್ರಿಸಲು 50 ಹರ್ಟ್ಸ್‌ವರೆಗಿನ ಬದಲಾವಣೆ ಕಂಡರೆ ಸಾಕು ಅಂದುಕೊಳ್ಳೋಣ. ಹಾಗಿದ್ದರೆ 50 ಅಂತಲೇ ಬರೆಯಿರಿ. "ಇರಲಿ" ಅಂತ 500 ಬರೆದರೆ ಮುಂದಿನ ಪ್ರತಿ ಹಂತವೂ ಕಷ್ಟವಾಗುತ್ತದೆ.

ಎರಡನೆಯದು, ತಂತಿಯಲ್ಲಿ ಬೇರೆ ಏನೇನಿದೆ. ಮೋಟರ್ ಓಡುತ್ತಿರುವಾಗ ಎಡಿಸಿ ಪಿನ್ನಿನ ಮೇಲೇ ಸ್ಕೋಪ್ ಇಟ್ಟು ನೋಡಿ. ಪ್ರೋಬಿನ ಉದ್ದದ ನೆಲದ ತಂತಿ ತಾನೇ ಆಂಟೆನಾ ಆಗುತ್ತದೆ, ಅದನ್ನು ತೆಗೆದು ಚಿಕ್ಕ ಸ್ಪ್ರಿಂಗ್ ಹಾಕಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ 20003 ಹರ್ಟ್ಸ್‌ನ ಕಸ ಮೇಲಿಂದ ಕೆಳಗೆ 200 ಮಿಲಿವೋಲ್ಟ್ ಇದೆ. ಅಂದರೆ ನಡುವಿನಿಂದ 100 ಮಿಲಿವೋಲ್ಟ್.

ಪಿಡಬ್ಲ್ಯೂಎಂ ಚೌಕದ ಅಲೆ, ಸೈನ್ ಅಲೆಯಲ್ಲ. ಹಾಗಾಗಿ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನದ ಅಲೆಗಳೂ ಜೊತೆಗೆ ಇರುತ್ತವೆ. ಇವುಗಳಿಗೆ ಹಾರ್ಮೋನಿಕ್ ಎನ್ನುತ್ತಾರೆ. ಇವನ್ನು ಮರೆತವರು ಹಂತ 3ರಲ್ಲಿ ಎಡವುತ್ತಾರೆ.

ಮೂರನೆಯದು, ಎಡಿಸಿಯ ಒಂದು ಕೌಂಟ್ ಎಷ್ಟು. ಕೌಂಟ್ ಅಂದರೆ ಎಡಿಸಿ ಕೊಡುವ ಅಂಕಿಯ ಒಂದು ಮೆಟ್ಟಿಲು, 12 ಬಿಟ್‌ನಲ್ಲಿ ಇಂಥವು 4096. 3.3 ವೋಲ್ಟನ್ನು 4096ರಿಂದ ಭಾಗಿಸಿದರೆ 0.8 ಮಿಲಿವೋಲ್ಟ್. ನಮ್ಮ 100 ಮಿಲಿವೋಲ್ಟ್ ಕಸ ಅಂದರೆ ಮೇಲಕ್ಕೆ 124 ಕೌಂಟ್, ಕೆಳಕ್ಕೆ 124 ಕೌಂಟ್. ಇದನ್ನು ಅರ್ಧ ಕೌಂಟಿಗಿಂತ ಕೆಳಗೆ, ಅಂದರೆ 0.4 ಮಿಲಿವೋಲ್ಟಿಗೆ ಇಳಿಸಬೇಕು. ಹಾಗಾಗಿ ನಮ್ಮ ಗುರಿ ಕಸವನ್ನು 250ರಲ್ಲಿ ಒಂದು ಪಾಲು ಮಾಡುವುದು. ಡೆಸಿಬೆಲ್ ಲೆಕ್ಕದಲ್ಲಿ 48.

ಹಂತ 3: ಸ್ಯಾಂಪ್ಲಿಂಗ್ ದರ ಆರಿಸಿ

ಪುಸ್ತಕಗಳಲ್ಲಿ ಇರುವ ನಿಯಮ ಎಲ್ಲರಿಗೂ ಗೊತ್ತು: ಸಿಗ್ನಲಿನ ಅತಿ ಹೆಚ್ಚಿನ ಆವರ್ತನದ ಎರಡರಷ್ಟಕ್ಕಿಂತ ಜಾಸ್ತಿ ದರದಲ್ಲಿ ಸ್ಯಾಂಪಲ್ ಮಾಡಿ. ಈ ದರದ ಅರ್ಧಕ್ಕೆ ನೈಕ್ವಿಸ್ಟ್ ಆವರ್ತನ ಎನ್ನುತ್ತಾರೆ. ಹ್ಯಾರಿ ನೈಕ್ವಿಸ್ಟ್ 1928ರ ಬರಹದಲ್ಲಿ ಇದಕ್ಕೆ ತಳಪಾಯ ಹಾಕಿದರು. ಕ್ಲಾಡ್ ಶಾನನ್ 1949ರಲ್ಲಿ ಗಣಿತದ ಪುರಾವೆ ಸಮೇತ ಮುಂದಿಟ್ಟರು.

ನಿಯಮ ಸರಿಯೇ. ಆದರೆ ಓದುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. "ಅತಿ ಹೆಚ್ಚಿನ ಆವರ್ತನ" ಅಂದರೆ ನಿಮಗೆ ಬೇಕಾದದ್ದರಲ್ಲಿ ಹೆಚ್ಚಿನದಲ್ಲ, ತಂತಿಯಲ್ಲಿ ಇರುವುದರಲ್ಲೇ ಹೆಚ್ಚಿನದು. ನಮಗೆ ಬೇಕಾದದ್ದು 50 ಹರ್ಟ್ಸ್. 1000 ಹರ್ಟ್ಸ್ ಅದರ ಇಪ್ಪತ್ತು ಪಟ್ಟು. ಆದರೂ ಏಟು ಬಿತ್ತು, ಯಾಕೆಂದರೆ ತಂತಿಯಲ್ಲಿ 20003 ಹರ್ಟ್ಸ್ ಇತ್ತು.

"ಹಾಗಾದರೆ ದರ ಹತ್ತು ಪಟ್ಟು ಏರಿಸಿಬಿಡುತ್ತೇನೆ" ಅನ್ನುವುದು ಮುಂದಿನ ಮಾತು. ಏರಿಸಿ ನೋಡಿ. 10000 ಹರ್ಟ್ಸ್ ಮಾಡಿದರೆ 20003ರಿಂದ 2 × 10000 ಕಳೆದು ಮತ್ತೆ 3 ಹರ್ಟ್ಸ್! ಹತ್ತು ಪಟ್ಟು ಕೆಲಸ, ಅದೇ ಅಲೆ. ದರ ಎಷ್ಟು ದೊಡ್ಡದು ಅನ್ನುವಷ್ಟೇ ಮುಖ್ಯ, ಕಸ ಮಡಚಿಕೊಂಡು ಎಲ್ಲಿ ಬೀಳುತ್ತದೆ ಅನ್ನುವುದು. ಅದನ್ನು ಕೈಯಲ್ಲಿ ಲೆಕ್ಕ ಹಾಕುವ ಬದಲು ಐದು ಸಾಲಿನ ಪ್ರೋಗ್ರಾಂ ಬರೆಯಿರಿ:

```python
def fold(f, fs):
    n = round(f / fs)
    return abs(f - n * fs)

for fs in (1000, 7000, 8000, 10000):
    print(fs, [fold(k * 20003, fs) for k in range(1, 8)])
```

ಇದರ ಉತ್ತರ ಹೀಗೆ ಬರುತ್ತದೆ:

```
1000 [3, 6, 9, 12, 15, 18, 21]
7000 [997, 1994, 2991, 3012, 2015, 1018, 21]
8000 [3997, 6, 3991, 12, 3985, 18, 3979]
10000 [3, 6, 9, 12, 15, 18, 21]
```

ಪ್ರತಿ ಸಾಲಿನಲ್ಲಿ ಮೊದಲ ಅಂಕಿ ಸ್ಯಾಂಪ್ಲಿಂಗ್ ದರ. ಆವರಣದ ಒಳಗಿನವು ಮೂಲ ಪಿಡಬ್ಲ್ಯೂಎಂ ಮತ್ತು ಅದರ ಹಾರ್ಮೋನಿಕ್‌ಗಳು ಬಂದು ಬೀಳುವ ಜಾಗಗಳು. 50ಕ್ಕಿಂತ ಕಡಿಮೆ ಅಂಕಿ ಕಂಡರೆ ಅದು ನಿಮ್ಮ ಸಿಗ್ನಲಿನ ಮೇಲೇ ಕೂರುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ.

1000 ಮತ್ತು 10000ದಲ್ಲಿ ಏಳಕ್ಕೆ ಏಳೂ ಒಳಗೆ ಬಂದಿವೆ. 8000 ನೋಡಲು ಚೆನ್ನಾಗಿದೆ. ಮೂಲ ಅಲೆ 3997ರಲ್ಲಿ ದೂರ ಹೋಗಿದೆ. ಆದರೆ ಎರಡನೇ ಹಾರ್ಮೋನಿಕ್ 6 ಹರ್ಟ್ಸ್‌ನಲ್ಲಿ ಬಂದಿದೆ. ಪಿಡಬ್ಲ್ಯೂಎಂ ಸರಿಯಾಗಿ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಇದ್ದರೆ ಎರಡನೇ ಹಾರ್ಮೋನಿಕ್ ಇರುವುದಿಲ್ಲ. ಮೋಟರಿನ ವೇಗ ಬದಲಿಸಿದ ಕೂಡಲೇ ಅದು ಹುಟ್ಟುತ್ತದೆ. ಇಂಥದ್ದು ಬಹಳ ಕಾಡುವ ತೊಂದರೆ, ಯಾಕೆಂದರೆ ಮೇಜಿನ ಮೇಲೆ ಅರ್ಧ ವೇಗದಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿ ಕಾಣುತ್ತದೆ.

7000 ಸಾಲು ನೋಡಿ. ಆರನೇ ಹಾರ್ಮೋನಿಕ್‌ವರೆಗೆ ಯಾವುದೂ 50 ಹರ್ಟ್ಸ್ ಹತ್ತಿರ ಬಂದಿಲ್ಲ. ಏಳನೆಯದು ಮಾತ್ರ 21ರಲ್ಲಿ ಬಿದ್ದಿದೆ. ಅದರ ನಿಜವಾದ ಆವರ್ತನ 140 ಕಿಲೋಹರ್ಟ್ಸ್, ಅಷ್ಟು ಮೇಲಿರುವುದನ್ನು ಒಂದು ಸಾಧಾರಣ ಫಿಲ್ಟರ್ ಸಲೀಸಾಗಿ ತಡೆಯುತ್ತದೆ. ಇನ್ನೂ ಒಂದು ಲಾಭ ಇದೆ. ಉಳಿದ ಆರೂ 1000, 2000, 3000ದ ಅಕ್ಕಪಕ್ಕದಲ್ಲೇ ಬಿದ್ದಿವೆ. ಇದನ್ನು ಹಂತ 5ರಲ್ಲಿ ಬಳಸಿಕೊಳ್ಳುತ್ತೇವೆ.

ಹಾಗಾಗಿ ನಮ್ಮ ದರ 7000 ಹರ್ಟ್ಸ್. ಟೈಮರ್ ಕ್ಲಾಕ್ 84 ಮೆಗಾಹರ್ಟ್ಸ್ ಇದ್ದರೆ 12000ದಿಂದ ಭಾಗಿಸಿದಾಗ ಸರಿಯಾಗಿ ಇಷ್ಟೇ ಬರುತ್ತದೆ. 16 ಮೆಗಾಹರ್ಟ್ಸ್‌ನಲ್ಲಿ ಪೂರ್ಣಾಂಕ ಸಿಗುವುದಿಲ್ಲ, 2286ರಿಂದ ಭಾಗಿಸಿದರೆ 6999.1 ಬರುತ್ತದೆ. ತೊಂದರೆ ಇಲ್ಲ, ಆದರೆ ಮೇಲಿನ ಪ್ರೋಗ್ರಾಂಗೆ ಆ ನಿಜವಾದ ಅಂಕಿಯನ್ನೇ ಕೊಟ್ಟು ಮತ್ತೊಮ್ಮೆ ನೋಡಿ.

ಎಚ್ಚರಿಕೆ: ಸ್ಯಾಂಪಲನ್ನು ಟೈಮರ್ ಮೂಲಕವೇ ತೆಗೆಸಿ. ಮುಖ್ಯ ಲೂಪಿನಲ್ಲಿ `delay` ಹಾಕಿ ಓದಿದರೆ ಎರಡು ಸ್ಯಾಂಪಲ್‌ಗಳ ನಡುವಿನ ಹೊತ್ತು ಒಂದೇ ಇರುವುದಿಲ್ಲ. ಆಗ `fs` ಎಷ್ಟು ಅಂತ ನಿಮಗೇ ಗೊತ್ತಿರುವುದಿಲ್ಲ, ಈ ಲೆಕ್ಕವೆಲ್ಲ ವ್ಯರ್ಥ. ಎಡಿಸಿಯನ್ನು ಟೈಮರ್ ನೇರವಾಗಿ ಚಾಲೂ ಮಾಡುವ ಸೌಲಭ್ಯ ಬಹುತೇಕ ಚಿಪ್‌ಗಳಲ್ಲಿ ಇದೆ, ಅದನ್ನೇ ಬಳಸಿ.

ಪಿಡಬ್ಲ್ಯೂಎಂ ಕೂಡ ನಿಮ್ಮದೇ ಚಿಪ್‌ನಿಂದ ಬರುತ್ತಿದ್ದರೆ ದಾರಿ ಬೇರೆ. ಎರಡಕ್ಕೂ ಒಂದೇ ಕ್ಲಾಕ್ ಇರುವುದರಿಂದ ಪ್ರತಿ ಸುತ್ತಿನಲ್ಲೂ ಒಂದೇ ಕ್ಷಣದಲ್ಲಿ, ಸ್ವಿಚ್ ಬದಲಾಗದ ಹೊತ್ತಿನಲ್ಲಿ ಸ್ಯಾಂಪಲ್ ತೆಗೆಯಬಹುದು. ಆಗ ಅಲೆ ಬರುವುದಿಲ್ಲ. ಆದರೆ ಕಸ ಸ್ಥಿರವಾದ ತಪ್ಪಾಗಿ ಉಳಿಯಬಹುದು, ಮೋಟರ್ ವೇಗ ಬದಲಿಸಿದಾಗ ಆ ತಪ್ಪೂ ಬದಲಾಗಬಹುದು. ಫಿಲ್ಟರ್ ಅಲ್ಲೂ ಬೇಕು.

ಹಂತ 4: ಎಡಿಸಿ ಪಿನ್ನಿನ ಮುಂದೆ ಆರ್‌ಸಿ ಫಿಲ್ಟರ್ ಹಾಕಿ

ಆರ್‌ಸಿ ಫಿಲ್ಟರ್ ಅಂದರೆ ಸಿಗ್ನಲ್ ದಾರಿಯಲ್ಲಿ ಒಂದು ರೆಸಿಸ್ಟರ್, ಅದರ ಆಚೆ ತುದಿಯಿಂದ ನೆಲಕ್ಕೆ ಒಂದು ಕೆಪ್ಯಾಸಿಟರ್. ನಿಧಾನದ ಬದಲಾವಣೆ ದಾಟುತ್ತದೆ, ವೇಗದ್ದು ನೆಲಕ್ಕೆ ಹೋಗುತ್ತದೆ. ಎಲ್ಲಿಂದ ತಡೆಯಲು ಶುರು ಮಾಡುತ್ತದೆ ಅನ್ನುವುದು ಕಟ್-ಆಫ್ ಆವರ್ತನ:

```
fc = 1 / (2 * pi * R * C)
```

ಕಟ್-ಆಫ್‌ನಲ್ಲಿ ಸಿಗ್ನಲ್ 70.7 ಶೇಕಡಾ ಉಳಿಯುತ್ತದೆ. ಅಲ್ಲಿಂದ ತುಂಬ ಮೇಲೆ ಹೋದರೆ ಲೆಕ್ಕ ಸರಳ: ಆವರ್ತನ ಕಟ್-ಆಫ್‌ನ ಎಷ್ಟು ಪಟ್ಟೋ, ಅಷ್ಟು ಪಟ್ಟು ಕಡಿಮೆ.

ಬಹಳ ಜನ ಮಾಡುವುದು ಏನೆಂದರೆ, ದರ 1000 ಇದೆ, ಅರ್ಧ 500, ಹಾಗಾಗಿ ಕಟ್-ಆಫ್ 500 ಅಂತ ಇಟ್ಟು ಕೈ ತೊಳೆದುಕೊಳ್ಳುವುದು. ಫಿಲ್ಟರ್ ಗೋಡೆಯಂತೆ ನಿಲ್ಲುವುದಿಲ್ಲ, ಇಳಿಜಾರಾಗಿ ಇಳಿಯುತ್ತದೆ. 950 ಹರ್ಟ್ಸ್‌ನ ಕಸ 1000 ಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ 50 ಹರ್ಟ್ಸ್ ಆಗಿ ಬರುತ್ತದೆ. ಈ ಫಿಲ್ಟರ್ ಅದನ್ನು ಅರ್ಧಕ್ಕೆ ಇಳಿಸುತ್ತದೆ, ಅಷ್ಟೇ. ಇನ್ನೊಂದು ತುದಿಗೆ ಹೋಗಿ ಕಟ್-ಆಫನ್ನು ತುಂಬ ಕೆಳಗಿಟ್ಟರೂ ಆಗುವುದಿಲ್ಲ. 20 ಕಿಲೋಹರ್ಟ್ಸನ್ನು ಬರೀ ಆರ್‌ಸಿಯಿಂದ 250 ಪಟ್ಟು ಇಳಿಸಬೇಕು ಅಂದರೆ ಕಟ್-ಆಫ್ 80 ಹರ್ಟ್ಸ್ ಇರಬೇಕು. ಆಗ ನಿಮ್ಮದೇ 50 ಹರ್ಟ್ಸ್ ಸಿಗ್ನಲ್ 15 ಶೇಕಡಾ ಸೊರಗುತ್ತದೆ. ಕಸ ಹೋಯಿತು, ಅಳತೆಯೂ ಹೋಯಿತು.

ನಾವು ದರ ಏರಿಸಿರುವುದರಿಂದ ಇಷ್ಟು ಬಿಗಿ ಮಾಡಬೇಕಿಲ್ಲ. 3.3 ಕಿಲೋಓಮ್ ರೆಸಿಸ್ಟರ್, 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ತೆಗೆದುಕೊಳ್ಳಿ. ಕಟ್-ಆಫ್ 482 ಹರ್ಟ್ಸ್. 50 ಹರ್ಟ್ಸ್‌ನಲ್ಲಿ ನಷ್ಟ ಅರ್ಧ ಶೇಕಡಾ. 20 ಕಿಲೋಹರ್ಟ್ಸ್‌ನಲ್ಲಿ 41 ಪಟ್ಟು ಇಳಿಕೆ, ಅಂದರೆ 100 ಮಿಲಿವೋಲ್ಟ್ ಕಸ 2.4 ಮಿಲಿವೋಲ್ಟಿಗೆ ಬಂತು. ಮೂರು ಕೌಂಟ್ ಇನ್ನೂ ಉಳಿದಿದೆ. ಅದನ್ನು ಮುಂದಿನ ಹಂತಕ್ಕೆ ಬಿಡೋಣ. 140 ಕಿಲೋಹರ್ಟ್ಸ್‌ನ ಏಳನೇ ಹಾರ್ಮೋನಿಕ್ 290 ಪಟ್ಟು ಇಳಿಯುತ್ತದೆ, ಅದರ ಚಿಂತೆ ಬೇಡ.

33 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್ ಹಾಕಿದರೂ ಕಟ್-ಆಫ್ ಅದೇ 482 ಅಲ್ವಾ, ಅಂತ ಕೇಳುತ್ತಾರೆ. ಸೂತ್ರದಲ್ಲಿ ಹೌದು. ಎಡಿಸಿಗೆ ಮಾತ್ರ ಎರಡೂ ಒಂದೇ ಅಲ್ಲ. ಎಡಿಸಿಯ ಒಳಗೆ ಒಂದು ಪುಟ್ಟ ಕೆಪ್ಯಾಸಿಟರ್ ಇದೆ. ಪ್ರತಿ ಸ್ಯಾಂಪಲ್‌ಗೂ ಅದು ಪಿನ್ನಿನಿಂದ ಒಂದು ಗುಟುಕು ಚಾರ್ಜ್ ಎಳೆದುಕೊಳ್ಳುತ್ತದೆ. ಅದು 8 ಪಿಕೋಫ್ಯಾರಡ್ ಅಂದುಕೊಳ್ಳಿ. ಅತಿ ಕೆಟ್ಟ ಸ್ಥಿತಿಯಲ್ಲಿ, ಅಂದರೆ ಪ್ರತಿ ಸಲವೂ ಅದು ಖಾಲಿಯಿಂದ 3.3 ವೋಲ್ಟಿಗೆ ತುಂಬಬೇಕಾದರೆ, ಸೆಕೆಂಡಿಗೆ 7000 ಗುಟುಕು ಸೇರಿ ಸುಮಾರು 0.18 ಮೈಕ್ರೋಆಂಪಿಯರ್ ಆಗುತ್ತದೆ. 3.3 ಕಿಲೋಓಮ್‌ನಲ್ಲಿ ಇದರಿಂದ 0.6 ಮಿಲಿವೋಲ್ಟ್ ಕುಸಿತ, ಒಂದು ಕೌಂಟಿಗಿಂತ ಕಡಿಮೆ. 33 ಕಿಲೋಓಮ್‌ನಲ್ಲಿ 6 ಮಿಲಿವೋಲ್ಟ್, ಏಳು ಕೌಂಟಿಗೂ ಜಾಸ್ತಿ. ಒಂದೇ ಎಡಿಸಿಯಲ್ಲಿ ಹಲವು ಚಾನೆಲ್ ಓದುವಾಗ ಪಕ್ಕದ ಚಾನೆಲಿನ ವೋಲ್ಟೇಜ್ ಬದಲಾದರೆ ಇದೂ ಬದಲಾಗುತ್ತದೆ. "ಒಂದು ಸೆನ್ಸರ್ ಮುಟ್ಟಿದರೆ ಇನ್ನೊಂದು ಅಲುಗಾಡುತ್ತೆ" ಅನ್ನುವ ದೂರಿಗೆ ಇದೇ ಕಾರಣವಾಗಿರಬಹುದು. ಹಾಗಾಗಿ ರೆಸಿಸ್ಟರ್ ಚಿಕ್ಕದು, ಕೆಪ್ಯಾಸಿಟರ್ ದೊಡ್ಡದು. ನಿಮ್ಮ ಚಿಪ್‌ನ ಒಳ ಕೆಪ್ಯಾಸಿಟರ್ ಎಷ್ಟು ಅನ್ನುವುದು ಡೇಟಾಶೀಟ್‌ನ ಎಡಿಸಿ ಭಾಗದಲ್ಲಿ ಸಿಗುತ್ತದೆ.

ಸೆನ್ಸರಿಗೇ ಒಳಪ್ರತಿರೋಧ ಜಾಸ್ತಿ ಇದ್ದರೆ ಅದೂ ನಿಮ್ಮ ರೆಸಿಸ್ಟರಿಗೆ ಕೂಡಿಕೊಳ್ಳುತ್ತದೆ. 10 ಕಿಲೋಓಮ್ ಒಳಪ್ರತಿರೋಧದ ಸೆನ್ಸರಿಗೆ ಇದೇ ಫಿಲ್ಟರ್ ಹಾಕಿದರೆ ಕಟ್-ಆಫ್ 482 ಅಲ್ಲ, ಸುಮಾರು 120 ಆಗುತ್ತದೆ. ನಮ್ಮಲ್ಲಿ ಆಂಪ್ಲಿಫೈಯರ್ ಇರುವುದರಿಂದ ಈ ತಾಪತ್ರಯ ಇಲ್ಲ.

ಕೆಪ್ಯಾಸಿಟರಿನ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಸೆರಾಮಿಕ್ ಆದರೆ `X7R` ಅಥವಾ `C0G` ತೆಗೆದುಕೊಳ್ಳಿ. `Y5V` ಬೇಡ, ಬಿಸಿಗೂ ವೋಲ್ಟೇಜಿಗೂ ಅದರ ಬೆಲೆ ವಿಪರೀತ ಬದಲಾಗುತ್ತದೆ. ಇನ್ನು ಜಾಗ. ಕೆಪ್ಯಾಸಿಟರ್ ಎಡಿಸಿ ಪಿನ್ನಿಗೆ ಅಂಟಿಕೊಂಡಂತೆ ಇರಲಿ, ಅದರ ನೆಲದ ಕಾಲು ಚಿಪ್‌ನ ಅನಲಾಗ್ ನೆಲಕ್ಕೆ ಹತ್ತಿರದಿಂದ ಸೇರಲಿ. ಫಿಲ್ಟರನ್ನು ಸೆನ್ಸರ್ ಹತ್ತಿರ ಇಟ್ಟು ಅಲ್ಲಿಂದ ಉದ್ದದ ತಂತಿ ಎಳೆದರೆ, ಸೋಸಿದ ಸಿಗ್ನಲ್ ದಾರಿಯಲ್ಲಿ ಮತ್ತೆ ಕಸ ತುಂಬಿಕೊಳ್ಳುತ್ತದೆ.

ಹಂತ 5: ಏಳು ಸ್ಯಾಂಪಲ್ ಸೇರಿಸಿ ಒಂದು ಮಾಡಿ

ಈಗ ಸರಾಸರಿಯ ಸರದಿ. ಮೊದಲು ಕೈಕೊಟ್ಟ ಸರಾಸರಿ ಈಗ ಯಾಕೆ ಕೆಲಸ ಮಾಡುತ್ತದೆ? ಆಗ ಕಸ 3 ಹರ್ಟ್ಸ್ ಆಗಿ ಸಿಗ್ನಲಿನೊಳಗೆ ಸೇರಿತ್ತು. ಈಗ 997 ಹರ್ಟ್ಸ್‌ನಲ್ಲಿ ದೂರ ನಿಂತಿದೆ. ದೂರ ಇರುವುದನ್ನು ಸಾಫ್ಟ್‌ವೇರ್ ತೆಗೆಯಬಲ್ಲದು.

ಏಳು ಸ್ಯಾಂಪಲ್ ಸೇರಿದರೆ ಒಂದು ಮಿಲಿಸೆಕೆಂಡ್. ಒಂದು ಮಿಲಿಸೆಕೆಂಡಿನಲ್ಲಿ 1000 ಹರ್ಟ್ಸ್ ಅಲೆ ಸರಿಯಾಗಿ ಒಂದು ಸುತ್ತು, 2000 ಎರಡು ಸುತ್ತು, 3000 ಮೂರು ಸುತ್ತು ಮುಗಿಸುತ್ತದೆ. ಪೂರ್ಣ ಸುತ್ತಿನಲ್ಲಿ ಮೇಲಿನದು ಕೆಳಗಿನದು ಕಳೆದುಹೋಗಿ ಮೊತ್ತ ಸೊನ್ನೆ. ನಮ್ಮ ಕಸ ಬಿದ್ದಿರುವುದು ಇದೇ ಮೂರು ಜಾಗಗಳ ಪಕ್ಕದಲ್ಲಿ. 997 ಹರ್ಟ್ಸನ್ನು ಈ ಸರಾಸರಿ ಮುನ್ನೂರು ಪಟ್ಟಿಗೂ ಜಾಸ್ತಿ ಇಳಿಸುತ್ತದೆ. ಉಳಿದಿದ್ದ 2.4 ಮಿಲಿವೋಲ್ಟ್ ಈಗ ಒಂದು ಕೌಂಟಿನ ನೂರನೇ ಒಂದು ಪಾಲಿನಷ್ಟು.

```c
volatile uint32_t result;      /* 7 ಸ್ಯಾಂಪಲ್‌ಗಳ ಮೊತ್ತ */
static uint32_t sum;
static uint8_t  n;

void on_adc_done(uint16_t raw) {
    sum += raw;
    if (++n == 7) {
        result = sum;
        sum = 0;
        n = 0;
    }
}
```

ಇಲ್ಲಿ 7ರಿಂದ ಭಾಗಿಸಿಲ್ಲ. ಬೇಕೆಂದೇ ಬಿಟ್ಟಿದ್ದು. ಪೂರ್ಣಾಂಕದಲ್ಲಿ ಭಾಗಿಸಿದರೆ ಉಳಿಕೆ ಹಾಳಾಗುತ್ತದೆ. ಕೊನೆಯಲ್ಲಿ ಒತ್ತಡದ ಅಳತೆಗೆ ಬದಲಿಸುವಾಗ ಆ ಗುಣಕದಲ್ಲೇ 7 ಸೇರಿಸಿಕೊಳ್ಳಿ. ಸೆಕೆಂಡಿಗೆ 1000 ಸಲ ಹೊಸ ಬೆಲೆ ಸಿಗುತ್ತದೆ, ಮೊದಲಿದ್ದಷ್ಟೇ. ಉಳಿದ ಪ್ರೋಗ್ರಾಂ ಬದಲಿಸಬೇಕಿಲ್ಲ. 50 ಹರ್ಟ್ಸ್‌ನಲ್ಲಿ ಈ ಸರಾಸರಿಯಿಂದ ಆಗುವ ನಷ್ಟ 0.4 ಶೇಕಡಾ. ಆರ್‌ಸಿಯದ್ದೂ ಸೇರಿ ಒಂದು ಶೇಕಡಾ ಹತ್ತಿರ.

ಎಚ್ಚರಿಕೆ: ಟೈಮರ್ 1000ದಲ್ಲೇ ಇಟ್ಟು, ಪ್ರತಿ ಸಲ ಹದಿನಾರು ಸ್ಯಾಂಪಲ್ ಒಂದರ ಹಿಂದೆ ಒಂದು ಪಟಪಟ ತೆಗೆದು ಸರಾಸರಿ ಮಾಡುವುದು ಬೇರೆ ಲೆಕ್ಕ. ಒಂದೊಂದಕ್ಕೆ ಒಂದು ಮೈಕ್ರೋಸೆಕೆಂಡ್ ಹಿಡಿದರೆ ಒಟ್ಟು 16 ಮೈಕ್ರೋಸೆಕೆಂಡ್. ಪಿಡಬ್ಲ್ಯೂಎಂನ ಒಂದು ಸುತ್ತು 50 ಮೈಕ್ರೋಸೆಕೆಂಡ್. ಸುತ್ತಿನ ಮೂರನೇ ಒಂದು ಭಾಗ ಮಾತ್ರ ನೋಡಿದಂತಾಯಿತು. ಕಸ 16 ಶೇಕಡಾ ಇಳಿಯುತ್ತದೆ, ಮಿಕ್ಕ 84 ಶೇಕಡಾ ಹಾಗೇ ಬರುತ್ತದೆ. ಸ್ಯಾಂಪಲ್‌ಗಳು ಒಂದು ಮಿಲಿಸೆಕೆಂಡಿನ ಉದ್ದಕ್ಕೂ ಸಮನಾಗಿ ಹರಡಿರಬೇಕು.

ಹಂತ 6: ಪರೀಕ್ಷಿಸಿ, ಮಿತಿ ತಿಳಿದುಕೊಳ್ಳಿ

ಸೆನ್ಸರ್ ಬಿಡಿಸಿ ಆ ಜಾಗಕ್ಕೆ ಸಿಗ್ನಲ್ ಜನರೇಟರ್ ಜೋಡಿಸಿ. ನಡುವಿನ ವೋಲ್ಟೇಜ್ 1.65 ಇಟ್ಟು, ಮೇಲೆ ಕೆಳಗೆ 100 ಮಿಲಿವೋಲ್ಟ್‌ನ ಸೈನ್ ಅಲೆ ಕೊಡಿ. ಮೊದಲು 10 ಹರ್ಟ್ಸ್. ಇದು ನಿಮ್ಮ ಹೋಲಿಕೆಯ ಅಳತೆ, `result` ಅನ್ನು 7ರಿಂದ ಭಾಗಿಸಿ ನೋಡಿದರೆ ಸುಮಾರು 124 ಕೌಂಟ್ ಎತ್ತರ ಕಾಣಬೇಕು. ನಂತರ 50, ಆಮೇಲೆ 20003. ಕೊನೆಯದರಲ್ಲಿ ಗೆರೆ ನೆಟ್ಟಗೆ ನಿಲ್ಲಬೇಕು. ಅಲ್ಲೂ ಅಲೆ ಕಂಡರೆ ಟೈಮರ್ ದರ ತಪ್ಪಿದೆ, ಇಲ್ಲವೇ ಕೆಪ್ಯಾಸಿಟರಿನ ನೆಲದ ಬೆಸುಗೆ ಹಿಡಿದಿಲ್ಲ.

ಈಗ 7010 ಹರ್ಟ್ಸ್ ಕೊಡಿ. ಇದು ಬೇಕೆಂದೇ ಹಾಕುವ ಕೆಟ್ಟ ಪ್ರಶ್ನೆ. 10 ಹರ್ಟ್ಸ್‌ನ ಅಲೆ ಕಂಡೇ ಕಾಣುತ್ತದೆ, 8 ಅಥವಾ 9 ಕೌಂಟ್ ಎತ್ತರ. ಯಾಕೆಂದರೆ 7010 ಮಡಚಿಕೊಂಡು ನೇರವಾಗಿ 10ಕ್ಕೆ ಬರುತ್ತದೆ. ಸರಾಸರಿ ಅದನ್ನು ಮುಟ್ಟಲಾರದು. ಅಡ್ಡ ಇರುವುದು ಆರ್‌ಸಿ ಒಂದೇ, ಅದು ಅಲ್ಲಿ ಇಳಿಸುವುದು ಹದಿನಾಲ್ಕೂವರೆ ಪಟ್ಟು ಮಾತ್ರ. ಇದೇ ಈ ವಿನ್ಯಾಸದ ಬಲಹೀನ ಜಾಗ: 7000, 14000, 21000 ಹರ್ಟ್ಸ್‌ಗಳ ಆಚೀಚೆ ಐವತ್ತು ಹರ್ಟ್ಸ್. ನಿಮ್ಮ ತಂತಿಯಲ್ಲಿ ಅಲ್ಲಿ ಏನೂ ಇಲ್ಲದಿದ್ದರೆ ಪರವಾಗಿಲ್ಲ. ಪಿಡಬ್ಲ್ಯೂಎಂ ಆವರ್ತನವನ್ನು ಯಾರಾದರೂ 21 ಕಿಲೋಹರ್ಟ್ಸ್‌ಗೆ ಬದಲಿಸಿದರೆ ಮಾತ್ರ ಲೆಕ್ಕವೆಲ್ಲ ಬುಡಮೇಲು. ಈ ಎರಡು ಅಂಕಿಗಳ ಸಂಬಂಧವನ್ನು ಕೋಡ್‌ನಲ್ಲಿ ಟೈಮರ್ ಸಾಲಿನ ಪಕ್ಕದಲ್ಲೇ ಬರೆದಿಡಿ.

ಕಸ ಎಲ್ಲಿರುತ್ತದೆ ಅಂತ ಮೊದಲೇ ಹೇಳಲು ಆಗದ ಕಡೆ ಒಂದು ಆರ್‌ಸಿ ಸಾಲದು. ಆಗ ಆಪ್-ಆಂಪ್ ಬಳಸಿ ಎರಡನೇ ದರ್ಜೆಯ ಫಿಲ್ಟರ್ ಕಟ್ಟಿ. ಸ್ಯಾಲನ್-ಕೀ ಅನ್ನುವ ಜೋಡಣೆ ಇದಕ್ಕೆ ಸಾಕು: 3.3 ಕಿಲೋಓಮ್ ಎರಡು, ಹಿಂದಕ್ಕೆ ಹೋಗುವ ಕೆಪ್ಯಾಸಿಟರ್ 150 ನ್ಯಾನೋಫ್ಯಾರಡ್, ನೆಲಕ್ಕೆ ಹೋಗುವುದು 68. ಕಟ್-ಆಫ್ 478 ಹರ್ಟ್ಸ್ ಹತ್ತಿರ ಬರುತ್ತದೆ. 7 ಕಿಲೋಹರ್ಟ್ಸ್‌ನಲ್ಲಿ ಇಳಿಕೆ ಹದಿನಾಲ್ಕೂವರೆ ಅಲ್ಲ, ಇನ್ನೂರು ದಾಟುತ್ತದೆ. ಆದರೆ ತುಂಬ ಮೇಲಿನ ಆವರ್ತನಗಳಲ್ಲಿ ಆಪ್-ಆಂಪಿನ ಶಕ್ತಿ ಕುಂದುತ್ತದೆ, ಕಸ ಆ 150 ನ್ಯಾನೋಫ್ಯಾರಡ್ ಮೂಲಕವೇ ನುಸುಳಿ ಹೊರಗೆ ಬರುತ್ತದೆ. ಹಾಗಾಗಿ ಆಪ್-ಆಂಪ್ ಆದಮೇಲೂ ಎಡಿಸಿ ಪಿನ್ನಿನ ಹತ್ತಿರ ಒಂದು ಚಿಕ್ಕ ಆರ್‌ಸಿ ಇರಲಿ. 330 ಓಮ್ ಮತ್ತು 100 ನ್ಯಾನೋಫ್ಯಾರಡ್ ಹಾಕಿದರೆ ಅದರ ಕಟ್-ಆಫ್ 4.8 ಕಿಲೋಹರ್ಟ್ಸ್, ನಿಮ್ಮ 50 ಹರ್ಟ್ಸ್‌ಗೆ ಏನೂ ಆಗುವುದಿಲ್ಲ.